ಮೆಮೊರಿಯಲ್ಲಿ ಮರ ಎಲ್ಲಿ ನಿಂತಿರುತ್ತದೆ?

ಕಂಪ್ಯೂಟರಿನ ಬಳಿ 10,48,575 ಸಂಖ್ಯೆಗಳಿವೆ. ಅವುಗಳಲ್ಲಿ ನಾವು ಕೇಳಿದ ಸಂಖ್ಯೆ ಇದೆಯೇ ಇಲ್ಲವೇ ಎಂದು ಅದು ಹೇಳಬೇಕು. ಪಠ್ಯಪುಸ್ತಕಗಳು ಇದಕ್ಕೆ ಎರಡು ದಾರಿ ತೋರಿಸುತ್ತವೆ. ಸಂಖ್ಯೆಗಳನ್ನೆಲ್ಲ ಏರಿಕೆ ಕ್ರಮದಲ್ಲಿ ಒಂದು ಅರೇಯಲ್ಲಿ ಸಾಲಾಗಿ ಇಟ್ಟು, ನಡುವಿನದನ್ನು ನೋಡಿ, ಬೇಕಾದದ್ದು ಯಾವ ಅರ್ಧದಲ್ಲಿದೆ ಎಂದು ತೀರ್ಮಾನಿಸುತ್ತ ಹೋಗುವುದು ಮೊದಲ ದಾರಿ. ಪ್ರತಿ ಸಂಖ್ಯೆಗೂ ಒಂದು ನೋಡ್ ಮಾಡಿ, ಚಿಕ್ಕವು ಎಡಕ್ಕೆ, ದೊಡ್ಡವು ಬಲಕ್ಕೆ ಎಂಬಂತೆ ಪಾಯಿಂಟರ್‌ಗಳಿಂದ ಜೋಡಿಸಿ ಬೈನರಿ ಮರ ಕಟ್ಟುವುದು ಎರಡನೆಯದು. ಮರ ಸಮತೋಲನದಲ್ಲಿದ್ದರೆ ಎರಡು ದಾರಿಯಲ್ಲೂ ಹೆಚ್ಚೆಂದರೆ ಸುಮಾರು 20 ಹೋಲಿಕೆ ಸಾಕು, ಏಕೆಂದರೆ ಈ ಸಂಖ್ಯೆ 2ರ 20ನೇ ಘಾತಕ್ಕಿಂತ ಒಂದೇ ಒಂದು ಕಡಿಮೆ.

ಹೋಲಿಕೆಗಳ ಲೆಕ್ಕದಲ್ಲಿ ಇವೆರಡೂ ಸಮ. ಯಂತ್ರದ ಮೇಲೆ ಓಡಿಸಿ ಗಡಿಯಾರ ಹಿಡಿದರೆ ಮಾತ್ರ ಅರೇ ಹಲವು ಪಟ್ಟು ಬೇಗ ಉತ್ತರ ಕೊಡುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಮರದ ಆಕಾರವನ್ನು ನೋಡಿದರೆ ಸಾಲದು. ಅದರ ನೋಡ್‌ಗಳು ಮೆಮೊರಿಯಲ್ಲಿ ಯಾವ ವಿಳಾಸದಲ್ಲಿ, ಯಾರ ಪಕ್ಕದಲ್ಲಿ ಕೂತಿವೆ ಎಂದು ನೋಡಬೇಕು.

ಒಂದು ನೋಡ್‌ನ ತೂಕ

ಸಿ ಭಾಷೆಯಲ್ಲಿ ನೋಡ್ ಹೀಗಿರುತ್ತದೆ:

```c
struct Node {
    int key;
    struct Node *left;
    struct Node *right;
};
```

`key` 4 ಬೈಟ್. 64-ಬಿಟ್ ಯಂತ್ರದಲ್ಲಿ ಒಂದೊಂದು ಪಾಯಿಂಟರ್ 8 ಬೈಟ್. ಪಾಯಿಂಟರ್‌ನ ವಿಳಾಸವನ್ನು 8ರಿಂದ ಭಾಗಿಸಿದರೆ ಶೇಷ ಉಳಿಯಬಾರದು ಎಂಬ ನಿಯಮವಿರುವುದರಿಂದ ಕಂಪೈಲರ್ `key` ಆದಮೇಲೆ 4 ಬೈಟ್ ಖಾಲಿ ಬಿಡುತ್ತದೆ. ಅಲ್ಲಿಗೆ ಒಟ್ಟು 24 ಬೈಟ್ ಆಯಿತು. ಸಮತೋಲನ ಕಾಯುವ ಎವಿಎಲ್ ಮರವಾದರೆ ಅದಕ್ಕೆ ಬೇಕಾದ ಪುಟ್ಟ ಗುರುತನ್ನು ಆ ಖಾಲಿ ಜಾಗದಲ್ಲೇ ಇಡಬಹುದು, ನೋಡ್ ದೊಡ್ಡದಾಗುವುದಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. `malloc` ಪ್ರತಿ ತುಂಡಿನ ಮುಂದೆ ಅದರ ಅಳತೆಯನ್ನು ಬರೆದಿಟ್ಟುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಗ್ಲಿಬ್‌ಸಿಯ `malloc` ಇದಕ್ಕಾಗಿ 8 ಬೈಟ್ ತೆಗೆದುಕೊಂಡು, ಒಟ್ಟನ್ನು 16ರ ಗುಣಕಕ್ಕೆ ಏರಿಸುತ್ತದೆ. ಹಾಗಾಗಿ 4 ಬೈಟ್‌ನ ಒಂದು ಸಂಖ್ಯೆ ಮರದೊಳಗೆ ಬಂದಾಗ 32 ಬೈಟ್ ಹಿಡಿಯುತ್ತದೆ. ನಮ್ಮ ಸಂಖ್ಯೆಗಳು ಅರೇಯಲ್ಲಿ 4 ಎಂಬಿಯಲ್ಲಿ ಮುಗಿದರೆ ಮರಕ್ಕೆ 32 ಎಂಬಿ ಬೇಕು. ಈ ಎಂಟು ಪಟ್ಟಿನ ವ್ಯತ್ಯಾಸ ಜಾಗದ ಪ್ರಶ್ನೆಯಾಗಿ ಕಾಣುತ್ತದೆ. ಅದು ವೇಗದ ಪ್ರಶ್ನೆಯೂ ಹೌದು.

64 ಬೈಟ್‌ಗಳ ಕಟ್ಟು

ಪ್ರೊಸೆಸರ್ ಮುಖ್ಯ ಮೆಮೊರಿಯಿಂದ 4 ಬೈಟ್ ಕೇಳಿದರೆ 4 ಬೈಟ್ ಮಾತ್ರ ಬರುವುದಿಲ್ಲ. ಅದರ ಸುತ್ತಲಿನ ಒಂದಿಡೀ ಕಟ್ಟು ಬರುತ್ತದೆ. ಇದಕ್ಕೆ ಕ್ಯಾಶ್ ಲೈನ್ ಎಂದು ಹೆಸರು. ಇಂಟೆಲ್ ಮತ್ತು ಎಎಂಡಿಯ ಇಂದಿನ ಪ್ರೊಸೆಸರ್‌ಗಳಲ್ಲಿ ಇದು 64 ಬೈಟ್. ಬಂದ ಲೈನ್ ಪ್ರೊಸೆಸರ್‌ನ ಒಳಗಿರುವ ಕ್ಯಾಶ್ ಎಂಬ ಸಣ್ಣ, ವೇಗದ ಮೆಮೊರಿಯಲ್ಲಿ ಉಳಿದುಕೊಳ್ಳುತ್ತದೆ. ಮತ್ತೆ ಬೇಕಾದಾಗ ಅಲ್ಲಿಂದಲೇ ಸಿಗುತ್ತದೆ.

ಕ್ಯಾಶ್ ಹಲವು ಹಂತಗಳಲ್ಲಿರುತ್ತದೆ. ಮುಂದಿನ ಲೆಕ್ಕಕ್ಕೆ ಒಂದು ಸಾಧಾರಣ ಯಂತ್ರವನ್ನು ಇಟ್ಟುಕೊಳ್ಳೋಣ. ಅದರ ಎಲ್1 ಕ್ಯಾಶ್ 32 ಕೆಬಿ, ಅಲ್ಲಿಂದ ದತ್ತಾಂಶ ಸಿಗಲು ಸುಮಾರು 5 ಕ್ಲಾಕ್ ಸೈಕಲ್. ಎಲ್2 ಒಂದು ಎಂಬಿ, ಸುಮಾರು 14 ಸೈಕಲ್. ಎಲ್3 8 ಎಂಬಿ, ಸುಮಾರು 50 ಸೈಕಲ್. ಮೂರರಲ್ಲೂ ಇಲ್ಲದಿದ್ದರೆ ಮುಖ್ಯ ಮೆಮೊರಿಗೆ ಹೋಗಬೇಕು, ಅದಕ್ಕೆ ಸುಮಾರು 90 ನ್ಯಾನೊಸೆಕೆಂಡ್, ಅಂದರೆ 3 ಗಿಗಾಹರ್ಟ್ಸ್ ವೇಗದಲ್ಲಿ 270 ಸೈಕಲ್. ಎರಡು ಸಂಖ್ಯೆಗಳ ಹೋಲಿಕೆಗೆ ತಗಲುವುದು ಒಂದೇ ಸೈಕಲ್.

ಎವಿಎಲ್ ಮರವನ್ನು ಅದೆಲ್ಸನ್-ವೆಲ್ಸ್ಕಿ ಮತ್ತು ಲಾಂಡಿಸ್ ಪ್ರಕಟಿಸಿದ್ದು 1962ರಲ್ಲಿ. ಮಾರಿಸ್ ವಿಲ್ಕ್ಸ್ ಕ್ಯಾಶ್‌ನ ಕಲ್ಪನೆಯನ್ನು ಬರೆದದ್ದು 1965ರಲ್ಲಿ, ಐಬಿಎಂ ತನ್ನ ಸಿಸ್ಟಮ್/360 ಮಾದರಿ 85ರಲ್ಲಿ ಅದನ್ನು ಘೋಷಿಸಿದ್ದು 1968ರಲ್ಲಿ. ಮರಗಳ ಮೂಲ ಲೆಕ್ಕಾಚಾರ ರೂಪುಗೊಂಡ ಕಾಲದಲ್ಲಿ ಮೆಮೊರಿಯ ಯಾವ ಪದವನ್ನು ಓದಿದರೂ ಖರ್ಚು ಒಂದೇ ಎಂದು ಭಾವಿಸುವುದು ಸಹಜವಾಗಿತ್ತು. ಹಾಗಿದ್ದಲ್ಲಿ ಹೋಲಿಕೆಗಳನ್ನು ಎಣಿಸಿದರೆ ಸಮಯವನ್ನೇ ಎಣಿಸಿದಂತೆ. ಈಗ ಒಂದು ಓದಿಗೆ 5 ಸೈಕಲ್ ಆಗಬಹುದು, 270 ಆಗಬಹುದು. ಆದ್ದರಿಂದ ಎಣಿಸಬೇಕಾದದ್ದು ಹೋಲಿಕೆಗಳನ್ನಲ್ಲ, ಎಷ್ಟು ಬೇರೆ ಬೇರೆ ಲೈನ್‌ಗಳನ್ನು ಮುಟ್ಟುತ್ತೇವೆ, ಅವು ಎಲ್ಲಿಂದ ಬರುತ್ತವೆ ಎಂಬುದನ್ನು.

ಬೇರಿನಿಂದ ಎಲೆಯವರೆಗೆ

ಸಂಖ್ಯೆಗಳು ಯಾವುದೋ ಕ್ರಮದಲ್ಲಿ ಬಂದಂತೆ ಮರಕ್ಕೆ ಸೇರಿವೆ ಎನ್ನೋಣ. `malloc` ನೋಡ್‌ಗಳಿಗೆ ಜಾಗ ಕೊಡುವುದು ಅವು ಬಂದ ಕ್ರಮದಲ್ಲಿ. ಮರದಲ್ಲಿ ಯಾರು ಯಾರ ಮಗು ಎಂಬುದು ಅದಕ್ಕೆ ತಿಳಿಯದು. ಹೀಗಾಗಿ ಮರದಲ್ಲಿ ಅಂಟಿಕೊಂಡಿರುವ ತಾಯಿ ಮತ್ತು ಮಗು ಮೆಮೊರಿಯಲ್ಲಿ ಎಷ್ಟೋ ಎಂಬಿ ದೂರದಲ್ಲಿರಬಹುದು. ಒಂದು ಲೈನ್‌ನಲ್ಲಿ ಎರಡು ನೋಡ್ ಹಿಡಿಸಿದರೂ ಆ ಎರಡಕ್ಕೂ ಸಂಬಂಧವಿರುವುದಿಲ್ಲ. ಹುಡುಕುತ್ತ ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಒಂದು ಹೊಸ ಲೈನ್ ಬೇಕು.

ಬೇರಿನ ಹತ್ತಿರದ ನೋಡ್‌ಗಳನ್ನು ಎಲ್ಲ ಹುಡುಕಾಟಗಳೂ ಮುಟ್ಟುವುದರಿಂದ ಅವು ಕ್ಯಾಶ್‌ನಲ್ಲಿ ಉಳಿದಿರುತ್ತವೆ. ಮೇಲಿನ 9 ಮಟ್ಟಗಳಲ್ಲಿ 511 ನೋಡ್‌ಗಳಿವೆ. ಒಂದೊಂದಕ್ಕೆ 64 ಬೈಟ್‌ನ ಒಂದು ಲೈನ್ ಎಂದರೆ 32 ಕೆಬಿ, ಅಂದರೆ ಎಲ್1ರಲ್ಲಿ ಹಿಡಿಸುವಷ್ಟು. 14 ಮಟ್ಟಗಳವರೆಗೆ 16,383 ನೋಡ್‌ಗಳು, ಅಲ್ಲಿಗೆ ಒಂದು ಎಂಬಿ, ಎಲ್2 ತುಂಬಿತು. 17 ಮಟ್ಟಗಳಿಗೆ 8 ಎಂಬಿ, ಎಲ್3 ಕೂಡ ತುಂಬಿತು. ಇನ್ನೂ ಮೂರು ಮಟ್ಟ ಬಾಕಿ ಇವೆ. ಅವಕ್ಕೆ ಹೆಚ್ಚಾಗಿ ಮುಖ್ಯ ಮೆಮೊರಿಯೇ ಗತಿ.

ಕೂಡಿಸಿ ನೋಡೋಣ. ಮೊದಲ 9 ಮೆಟ್ಟಿಲಿಗೆ 45 ಸೈಕಲ್, ಮುಂದಿನ 5ಕ್ಕೆ 70, ಅದರ ಮುಂದಿನ 3ಕ್ಕೆ 150, ಕೊನೆಯ 3ಕ್ಕೆ 810. ಒಟ್ಟು 1,075 ಸೈಕಲ್, ಸುಮಾರು 360 ನ್ಯಾನೊಸೆಕೆಂಡ್. ಇಪ್ಪತ್ತು ಮೆಟ್ಟಿಲುಗಳಲ್ಲಿ ಕೊನೆಯ ಮೂರೇ ಮುಕ್ಕಾಲು ಪಾಲು ಸಮಯ ತಿನ್ನುತ್ತವೆ.

ಈ ಕಾಯುವಿಕೆಯನ್ನು ಪ್ರೊಸೆಸರ್ ತಪ್ಪಿಸಿಕೊಳ್ಳಲಾರದು. ಇಂದಿನ ಪ್ರೊಸೆಸರ್‌ಗಳು ಹತ್ತಾರು ಓದುಗಳನ್ನು ಒಟ್ಟೊಟ್ಟಿಗೆ ನಡೆಸಬಲ್ಲವು, ಸಾಲಾಗಿ ಓದುತ್ತಿದ್ದೇವೆಂದು ಗೊತ್ತಾದರೆ ಮುಂದಿನ ಲೈನ್‌ಗಳನ್ನು ಕೇಳುವ ಮೊದಲೇ ತರಿಸಿಡುತ್ತವೆ. ಮರದಲ್ಲಿ ಈ ಎರಡು ಉಪಾಯವೂ ನಡೆಯುವುದಿಲ್ಲ. ಪರ ಊರಿನಲ್ಲಿ ಒಂದು ಮನೆಯವರು ಮುಂದಿನ ಮನೆಯನ್ನಷ್ಟೇ ತೋರಿಸುತ್ತ, ಅಲ್ಲಿಗೆ ಹೋಗಿ ಕೇಳಿದ ಮೇಲಷ್ಟೇ ಅದರ ಮುಂದಿನದು ತಿಳಿಯುವಂತೆ, ಮಗುವಿನ ವಿಳಾಸ ತಾಯಿ ನೋಡ್‌ನ ಒಳಗೇ ಇದೆ. ಆ ನೋಡ್ ಬರುವ ತನಕ ಮುಂದೆ ಎಲ್ಲಿಗೆ ಎಂದು ಪ್ರೊಸೆಸರ್‌ಗೆ ತಿಳಿಯದು. ಒಂದು ಕಾಯುವಿಕೆ ಮುಗಿದ ಮೇಲೆಯೇ ಇನ್ನೊಂದು ಆರಂಭ.

ಇದರ ಮೇಲೆ ವಿಳಾಸ ಬದಲಾಯಿಸುವ ಖರ್ಚು ಬೇರೆ. ಪ್ರೋಗ್ರಾಮ್ ಬಳಸುವ ವಿಳಾಸಕ್ಕೂ ಮೆಮೊರಿ ಚಿಪ್‌ನ ನಿಜ ವಿಳಾಸಕ್ಕೂ ನಡುವೆ 4 ಕೆಬಿ ಪುಟಗಳ ಒಂದು ಕೋಷ್ಟಕವಿದೆ. ಇತ್ತೀಚೆಗೆ ಬಳಸಿದ ಪುಟಗಳ ನಮೂದುಗಳನ್ನು ಟಿಎಲ್‌ಬಿ ಎಂಬ ಕಿರು ಪಟ್ಟಿ ನೆನಪಿಟ್ಟುಕೊಳ್ಳುತ್ತದೆ. ಇಂಟೆಲ್‌ನ ಸ್ಕೈಲೇಕ್ ಪೀಳಿಗೆಯಲ್ಲಿ ಅದರ ದೊಡ್ಡ ಹಂತದಲ್ಲಿ 1,536 ನಮೂದುಗಳಿಗೆ ಜಾಗವಿತ್ತು. ನಮ್ಮ ಅರೇ 1,024 ಪುಟ, ಅಂದರೆ ಪಟ್ಟಿಯೊಳಗೆ ಹಿಡಿಸುತ್ತದೆ. ಮರ 8,192 ಪುಟಗಳ ಮೇಲೆ ಹರಡಿದೆ. ಕೆಳಗಿನ ಮೆಟ್ಟಿಲುಗಳಲ್ಲಿ ದತ್ತಾಂಶ ತರುವುದಕ್ಕೂ ಮೊದಲು ವಿಳಾಸದ ಕೋಷ್ಟಕವನ್ನೇ ಮೆಮೊರಿಯಿಂದ ತರಬೇಕಾಗಬಹುದು.

ಸಾಲಾಗಿಟ್ಟ ಅರೇಯಲ್ಲಿ

ಅದೇ ಲೆಕ್ಕವನ್ನು ಅರೇಗೆ ಹಾಕೋಣ. ಒಂದು ಲೈನ್‌ನಲ್ಲಿ 16 ಸಂಖ್ಯೆಗಳಿವೆ. ಹುಡುಕಾಟದ ಮೊದಲ 16 ಹೆಜ್ಜೆಗಳು ದೂರದೂರಕ್ಕೆ ಹಾರುತ್ತವೆ, ಪ್ರತಿಯೊಂದೂ ಹೊಸ ಲೈನ್. ಆ ಹೊತ್ತಿಗೆ ಉಳಿದಿರುವುದು ಅಕ್ಕಪಕ್ಕದ 15 ಸಂಖ್ಯೆಗಳು, ಅವೆಲ್ಲ ಈಗಾಗಲೇ ತಂದಿರುವ ಒಂದೇ ಲೈನ್‌ನಲ್ಲಿವೆ. ಕೊನೆಯ 4 ಹೆಜ್ಜೆಗಳು ಎಲ್1ರಲ್ಲೇ ಮುಗಿಯುತ್ತವೆ. ಮರದಲ್ಲಿ ಎಲ್ಲಕ್ಕಿಂತ ದುಬಾರಿಯಾಗಿದ್ದ ಭಾಗ ಇಲ್ಲಿ ಎಲ್ಲಕ್ಕಿಂತ ಅಗ್ಗ.

ಮೊದಲ 9 ಹೆಜ್ಜೆಗೆ 45, ಮುಂದಿನ 5ಕ್ಕೆ 70, ಎಲ್3ರಿಂದ ಬರುವ 2ಕ್ಕೆ 100, ಕೊನೆಯ 4ಕ್ಕೆ 20. ಒಟ್ಟು 235 ಸೈಕಲ್. ಇಡೀ ಅರೇ 4 ಎಂಬಿ ಮಾತ್ರ ಇರುವುದರಿಂದ ಮುಖ್ಯ ಮೆಮೊರಿಗೆ ಹೋಗುವ ಪ್ರಸಂಗವೇ ಇಲ್ಲ. ಅಷ್ಟೇ ಹೋಲಿಕೆ, ನಾಲ್ಕೂವರೆ ಪಟ್ಟು ಕಡಿಮೆ ಸಮಯ.

ಆದರೆ ಈ 235 ಆದರ್ಶದ ಲೆಕ್ಕ. ಏರಿಕೆ ಕ್ರಮದ ಅರೇಯಲ್ಲಿ ಒಂದು ಗುಪ್ತ ತೊಂದರೆ ಇದೆ. 32 ಕೆಬಿಯ ಎಲ್1 ಕ್ಯಾಶ್‌ನಲ್ಲಿ ಯಾವ ಲೈನ್ ಎಲ್ಲಿ ಬೇಕಾದರೂ ಕೂರುವಂತಿಲ್ಲ. ಅದು 64 ಗುಂಪುಗಳಾಗಿ ಹಂಚಿಹೋಗಿದೆ, ಒಂದೊಂದು ಗುಂಪಿನಲ್ಲಿ 8 ಲೈನ್‌ಗಳಿಗೆ ಜಾಗ. ಯಾವ ಗುಂಪು ಎಂಬುದನ್ನು ವಿಳಾಸವೇ ತೀರ್ಮಾನಿಸುತ್ತದೆ, ಮತ್ತು 4,096 ಬೈಟ್ ಅಂತರದಲ್ಲಿರುವ ಲೈನ್‌ಗಳೆಲ್ಲ ಒಂದೇ ಗುಂಪಿಗೆ ಬೀಳುತ್ತವೆ. ನಮ್ಮ ಹುಡುಕಾಟ ಮೊದಲು ಅರ್ಧಕ್ಕೆ, ಆಮೇಲೆ ಕಾಲಿಗೆ, ಅರೆಕಾಲಿಗೆ ಹಾರುತ್ತದೆ. ಅರೇಯ ಅಳತೆ 2ರ ಘಾತದ ಹತ್ತಿರವಿದ್ದರೆ ಈ ಹಾರುವ ಅಂತರಗಳೆಲ್ಲ 4,096ರ ಗುಣಕಗಳು. ಮೊದಲ 10 ಮಟ್ಟಗಳ 1,023 ಸಂಖ್ಯೆಗಳು, ಅಂದರೆ ಅತಿ ಹೆಚ್ಚು ಬಳಕೆಯಾಗುವವೇ, 8 ಜಾಗಕ್ಕಾಗಿ ಒಂದನ್ನೊಂದು ಹೊರದಬ್ಬುತ್ತವೆ. ಉಳಿದ 63 ಗುಂಪುಗಳು ಅವುಗಳ ಪಾಲಿಗೆ ಇದ್ದೂ ಇಲ್ಲದಂತೆ.

ಇದನ್ನು ಪತ್ತೆಹಚ್ಚುವುದು ಸುಲಭ. ಅರೇಯ ಅಳತೆಯನ್ನು 10,48,575ರಿಂದ 10,00,000ಕ್ಕೆ ಇಳಿಸಿ ಮತ್ತೆ ಅಳೆಯಬೇಕು. ಸಂಖ್ಯೆಗಳು ಶೇಕಡಾ 5ರಷ್ಟು ಕಡಿಮೆಯಾದಾಗ ಸಮಯ ಅದಕ್ಕೂ ಎಷ್ಟೋ ಹೆಚ್ಚು ಇಳಿದರೆ ಕಾರಣ ಗುಂಪುಗಳ ಜಗಳ ಎಂದು ತಿಳಿಯಬಹುದು. ಅರೇ ಎಂದ ಮಾತ್ರಕ್ಕೆ ಕ್ಯಾಶ್ ಒಲಿಯುವುದಿಲ್ಲ. ಅರೇಯೊಳಗೆ ಯಾವುದು ಎಲ್ಲಿರಬೇಕು ಎಂಬುದೂ ಮುಖ್ಯ.

ವಂಶಾವಳಿಯ ಕ್ರಮ

ಹಾಗಾದರೆ ಮರದ ಕ್ರಮದಲ್ಲೇ ಅರೇಯನ್ನು ಜೋಡಿಸಿದರೆ ಹೇಗೆ? ಬೇರನ್ನು 1ನೇ ಜಾಗದಲ್ಲಿಟ್ಟು, `k`ನೇ ಜಾಗದಲ್ಲಿರುವ ಸಂಖ್ಯೆಯ ಇಬ್ಬರು ಮಕ್ಕಳನ್ನು `2k` ಮತ್ತು `2k+1`ನೇ ಜಾಗಗಳಲ್ಲಿ ಇಡುವುದು. ಮಗುವಿನ ಜಾಗ ಗುಣಾಕಾರದಿಂದಲೇ ಸಿಗುವುದರಿಂದ ಪಾಯಿಂಟರ್ ಒಂದೂ ಬೇಡ. ಮರವಿದ್ದೂ 4 ಎಂಬಿಯೇ ಸಾಕು. 1964ರಲ್ಲಿ ಜೆ. ಡಬ್ಲ್ಯು. ಜೆ. ವಿಲಿಯಮ್ಸ್ ಹೀಪ್‌ಸಾರ್ಟ್‌ಗಾಗಿ ಬಳಸಿದ್ದು ಇದೇ ಜೋಡಣೆ. ಅದಕ್ಕೂ ಬಹಳ ಹಿಂದೆ, 1590ರಲ್ಲಿ, ಆಸ್ಟ್ರಿಯಾದ ಮೈಕೆಲ್ ಐಟ್ಸಿಂಗರ್ ಯುರೋಪಿನ ರಾಜಮನೆತನಗಳ ವಂಶಾವಳಿ ಬರೆಯುವಾಗ ವ್ಯಕ್ತಿಗೆ 1, ತಂದೆಗೆ 2, ತಾಯಿಗೆ 3 ಎಂದು ಹೀಗೆಯೇ ಅಂಕಿ ಕೊಟ್ಟಿದ್ದ. ಹುಡುಕಾಟದ ಅರೇಗೆ ಇಂದು ಅವನ ಹೆಸರೇ ನಿಂತಿದೆ.

```c
size_t k = 1;
while (k <= n) {
    __builtin_prefetch(a + 16 * k);
    k = 2 * k + (a[k] < x);
}
```

ಲೂಪ್ ಮುಗಿದಾಗ `k`ಯ ಬಿಟ್‌ಗಳಲ್ಲಿ ನಾವು ಎಡಕ್ಕೆ, ಬಲಕ್ಕೆ ತಿರುಗಿದ ದಾರಿಯೆಲ್ಲ ದಾಖಲಾಗಿರುತ್ತದೆ. ಕೊನೆಯಲ್ಲಿರುವ 1ಗಳನ್ನೂ ಅವುಗಳ ಹಿಂದಿನ ಒಂದು 0ಯನ್ನೂ ಕಳಚಿದರೆ ಉತ್ತರದ ಜಾಗ ಸಿಗುತ್ತದೆ. ಉಳಿದದ್ದು ಸೊನ್ನೆಯಾದರೆ ಎಲ್ಲ ಸಂಖ್ಯೆಗಳೂ `x`ಗಿಂತ ಚಿಕ್ಕವು ಎಂದರ್ಥ.

ಇದರ ಖರ್ಚು ಎಷ್ಟು? ಮೇಲಿನ ಮಟ್ಟಗಳು ಈಗ ಒತ್ತೊತ್ತಾಗಿ ಕೂತಿವೆ. 13 ಮಟ್ಟಗಳು 32 ಕೆಬಿಯಲ್ಲಿ, 18 ಮಟ್ಟಗಳು ಒಂದು ಎಂಬಿಯಲ್ಲಿ ಹಿಡಿಸುತ್ತವೆ. 13 ಹೆಜ್ಜೆಗೆ 65, ಮುಂದಿನ 5ಕ್ಕೆ 70, ಕೊನೆಯ 2ಕ್ಕೆ 100. ಒಟ್ಟು ಮತ್ತೆ 235. ಏರಿಕೆ ಕ್ರಮದ ಅರೇಯ ಆದರ್ಶ ಲೆಕ್ಕದಷ್ಟೇ. ಹಾಗಿದ್ದರೂ ಇದು ವಾಸ್ತವದಲ್ಲಿ ಗೆಲ್ಲುವುದಕ್ಕೆ ಎರಡು ಕಾರಣಗಳಿವೆ. ಹೆಚ್ಚು ಬಳಕೆಯ ಸಂಖ್ಯೆಗಳು ಅರೇಯ ಆರಂಭದಲ್ಲಿ ಒಂದರ ಪಕ್ಕ ಒಂದಿರುವುದರಿಂದ ಗುಂಪುಗಳ ಜಗಳವಿಲ್ಲ, 235 ನಿಜವಾಗಿಯೂ 235ರ ಹತ್ತಿರವೇ ಉಳಿಯುತ್ತದೆ. ಎರಡನೆಯ ಕಾರಣ ಆ `__builtin_prefetch` ಸಾಲಿನಲ್ಲಿದೆ.

`k`ಯ ಮಕ್ಕಳು `2k`ಯಿಂದ, ಮೊಮ್ಮಕ್ಕಳು `4k`ಯಿಂದ, ಮರಿಮಕ್ಕಳು `8k`ಯಿಂದ ಆರಂಭವಾಗುತ್ತಾರೆ. ನಾಲ್ಕನೇ ಪೀಳಿಗೆಯ ಹದಿನಾರು ಮಂದಿ `16k`ಯಿಂದ `16k+15`ರವರೆಗೆ ಸಾಲಾಗಿದ್ದಾರೆ. ಹದಿನಾರು ಸಂಖ್ಯೆಗಳೆಂದರೆ 64 ಬೈಟ್. ಅರೇಯ ಆರಂಭ 64ರ ಗುಣಕದ ವಿಳಾಸದಲ್ಲಿದ್ದರೆ ಅವರೆಲ್ಲ ಸರಿಯಾಗಿ ಒಂದೇ ಲೈನ್. ಇನ್ನು ನಾಲ್ಕು ಹೆಜ್ಜೆ ಬಿಟ್ಟು ಯಾರನ್ನು ಮುಟ್ಟುತ್ತೇವೆ ಎಂದು ಈಗಲೇ ತಿಳಿಯದಿದ್ದರೂ, ಆ ಹದಿನಾರು ಮಂದಿಯಲ್ಲಿ ಒಬ್ಬರನ್ನು ಎಂಬುದು ಖಚಿತ. ಆದ್ದರಿಂದ ಆ ಲೈನನ್ನು ಈಗಲೇ ತರಲು ಹೇಳಿ, ನಾವು ನಡುವಿನ ಹೆಜ್ಜೆಗಳನ್ನು ಮುಗಿಸುತ್ತಿರಬಹುದು. ಕಾಯುವಿಕೆಗಳು ಒಂದರ ಹಿಂದೆ ಒಂದು ನಿಲ್ಲುವ ಬದಲು ಒಂದರ ಮೇಲೊಂದು ಬೀಳುತ್ತವೆ. ಪಾಯಿಂಟರ್ ಮರದಲ್ಲಿ ಇದು ಸಾಧ್ಯವೇ ಇರಲಿಲ್ಲ, ಅಲ್ಲಿ ನಾಲ್ಕನೇ ಪೀಳಿಗೆಯವರು ಹದಿನಾರು ಬೇರೆ ಬೇರೆ ಲೈನ್‌ಗಳಲ್ಲಿದ್ದಾರೆ, ಅವರ ವಿಳಾಸವೂ ಗೊತ್ತಿಲ್ಲ. ಅರೇಯ ಕೊನೆ ದಾಟಿದ ವಿಳಾಸವನ್ನು ಮುಂಗಡವಾಗಿ ಕೇಳಿದರೂ ಪ್ರೊಸೆಸರ್ ಅದನ್ನು ಸುಮ್ಮನೆ ಬಿಟ್ಟುಬಿಡುತ್ತದೆ, ಪ್ರೋಗ್ರಾಮ್ ಕೆಡುವುದಿಲ್ಲ.

ಪಾಲ್ ಖುವಾಂಗ್ ಮತ್ತು ಪ್ಯಾಟ್ ಮೋರಿನ್ ಹಲವು ಜೋಡಣೆಗಳನ್ನು ಹಲವು ಯಂತ್ರಗಳ ಮೇಲೆ ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಅರೇಗಳಿಗೆ ಮುಂಗಡ ತರಿಸುವಿಕೆಯೊಂದಿಗಿನ ಈ ಕ್ರಮವೇ ಸಾಮಾನ್ಯವಾಗಿ ಮುಂದಿತ್ತು. ಸಣ್ಣ ಅರೇಗಳಿಗೆ ಮಾತ್ರ ಏರಿಕೆ ಕ್ರಮದಲ್ಲಿ ಎಚ್ಚರದಿಂದ ಬರೆದ ಹುಡುಕಾಟವೇ ಸಾಕಾಗುತ್ತಿತ್ತು.

ಮರವನ್ನೇ ದಪ್ಪ ಮಾಡುವುದು

ಇಲ್ಲಿಯವರೆಗೆ ಪ್ರತಿ ಹೆಜ್ಜೆಗೂ ಒಂದು ಲೈನ್ ತಂದು, ಅದರ 16 ಸಂಖ್ಯೆಗಳಲ್ಲಿ ಒಂದನ್ನೇ ನೋಡಿ ಬಿಡುತ್ತಿದ್ದೆವು. ಹದಿನಾರನ್ನೂ ಬಳಸಿಕೊಂಡರೆ? ಒಂದು ನೋಡ್‌ನಲ್ಲಿ 16 ಸಂಖ್ಯೆಗಳನ್ನಿಟ್ಟರೆ ಅವುಗಳ ನಡುವೆ ಮತ್ತು ಅಂಚುಗಳಲ್ಲಿ 17 ದಾರಿಗಳು ಸಿಗುತ್ತವೆ. 17ರ ಐದನೇ ಘಾತ 14,19,857, ನಮ್ಮ ಸಂಖ್ಯೆಗಳಿಗಿಂತ ಹೆಚ್ಚು. ಹಾಗಾಗಿ ಮರದ ಎತ್ತರ ಬರೀ 5.

ಇದು ಬೋಯಿಂಗ್‌ನಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 1970ರ ಹೊತ್ತಿಗೆ ರೂಪಿಸಿದ ಬಿ-ಟ್ರೀ. ಅವರ ಮುಂದಿದ್ದದ್ದು ಡಿಸ್ಕ್‌ನ ಸಮಸ್ಯೆ. ಡಿಸ್ಕ್ ಒಂದೊಂದು ಬೈಟ್ ಕೊಡದೆ ಒಂದಿಡೀ ಬ್ಲಾಕ್ ಕೊಡುತ್ತದೆ, ಒಮ್ಮೆ ಹೋಗಿಬರುವುದೇ ದುಬಾರಿ, ಆದ್ದರಿಂದ ಹೋದಾಗಲೆಲ್ಲ ಬ್ಲಾಕ್ ತುಂಬ ಸಂಖ್ಯೆಗಳನ್ನು ತರಬೇಕು. ಮೆಮೊರಿ ಮತ್ತು ಪ್ರೊಸೆಸರ್‌ನ ನಡುವಿನ ಅಂತರ ಬೆಳೆದಂತೆ ಅದೇ ತರ್ಕ ಕ್ಯಾಶ್ ಲೈನ್‌ಗೂ ಅನ್ವಯಿಸತೊಡಗಿತು.

ಲೆಕ್ಕ ಹೀಗೆ. ಪಾಯಿಂಟರ್ ಇಲ್ಲದೆ ಅರೇಯಲ್ಲೇ ಜೋಡಿಸಿದ ಬಿ-ಟ್ರೀಯ ಮೊದಲ ಮೂರು ಮಟ್ಟಗಳಲ್ಲಿ 1, 17 ಮತ್ತು 289, ಒಟ್ಟು 307 ಲೈನ್‌ಗಳು, ಅಂದರೆ 20 ಕೆಬಿಗಿಂತ ಕಡಿಮೆ, ಎಲ್1ರಲ್ಲಿವೆ. ನಾಲ್ಕನೆಯ ಮಟ್ಟದ 4,913 ಲೈನ್‌ಗಳು ಎಲ್2ರಲ್ಲಿ, ಐದನೆಯದು ಎಲ್3ರಲ್ಲಿ. ಮೂರು ಐದಲ ಹದಿನೈದು, ಅದಕ್ಕೆ 14, ಅದಕ್ಕೆ 50. ಒಟ್ಟು 79 ಸೈಕಲ್. ಒಂದು ನೋಡ್‌ನೊಳಗೆ ಹದಿನಾರು ಹೋಲಿಕೆ ಮಾಡಬೇಕಲ್ಲ ಎನ್ನಿಸಬಹುದು. ಇಂದಿನ ಪ್ರೊಸೆಸರ್‌ಗಳು 4 ಬೈಟ್‌ನ ಎಂಟು ಸಂಖ್ಯೆಗಳನ್ನು ಒಂದೇ ಆದೇಶದಲ್ಲಿ ಹೋಲಿಸುತ್ತವೆ, ಎರಡು ಆದೇಶಗಳಲ್ಲಿ ನೋಡ್ ಮುಗಿಯಿತು. ಒಟ್ಟು ಹೋಲಿಕೆಗಳು 20ರಿಂದ 80ಕ್ಕೆ ಏರಿದರೂ ಹುಡುಕಾಟ ವೇಗವಾಯಿತು. 1,075, 235, 79 ಎಂಬ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದನ್ನು ಎಣಿಸಬೇಕೆಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಸೇರಿಸುವಾಗ ಏನಾಗುತ್ತದೆ

ಇಷ್ಟೂ ಲೆಕ್ಕ ಹುಡುಕಾಟದ್ದು. ಹೊಸ ಸಂಖ್ಯೆ ಸೇರಿಸಬೇಕಾದಾಗ ಚಿತ್ರ ಬದಲಾಗುತ್ತದೆ. ಏರಿಕೆ ಕ್ರಮದ ಅರೇಯ ನಡುವೆ ಒಂದನ್ನು ತೂರಿಸಲು ಅದರ ಬಲಕ್ಕಿರುವುದನ್ನೆಲ್ಲ ಒಂದು ಜಾಗ ಸರಿಸಬೇಕು. ನಮ್ಮ ಅರೇಯಲ್ಲಿ ಅದು ಸರಾಸರಿ 2 ಎಂಬಿ. ಸೆಕೆಂಡಿಗೆ 10 ಜಿಬಿ ವೇಗದಲ್ಲಿ ಸರಿಸಿದರೂ 200 ಮೈಕ್ರೊಸೆಕೆಂಡ್ ಬೇಕು. ಪಾಯಿಂಟರ್ ಮರ ಹುಡುಕುವಷ್ಟೇ ಸಮಯದಲ್ಲಿ, ಹೆಚ್ಚುಕಡಿಮೆ ಅರ್ಧ ಮೈಕ್ರೊಸೆಕೆಂಡಿನಲ್ಲಿ, ಅದನ್ನು ಮುಗಿಸುತ್ತದೆ. ಐಟ್ಸಿಂಗರ್ ಕ್ರಮದಲ್ಲಂತೂ ಒಂದನ್ನು ಸೇರಿಸಿದರೆ ಇಡೀ ಅರೇಯನ್ನು ಹೊಸದಾಗಿ ಕಟ್ಟಬೇಕಾಗಬಹುದು. ಒಮ್ಮೆ ಕಟ್ಟಿ ಲಕ್ಷಾಂತರ ಬಾರಿ ಹುಡುಕುವ ಪಟ್ಟಿಗಳಿಗಷ್ಟೇ ಅದು ಒಪ್ಪುತ್ತದೆ.

ಇಲ್ಲೂ ಅಳತೆಯ ಪ್ರಶ್ನೆ ಇದೆ. ಸಂಖ್ಯೆಗಳು ಸಾವಿರವೇ ಇದ್ದರೆ ಸರಿಸಬೇಕಾದದ್ದು ಸರಾಸರಿ 2 ಕೆಬಿ. ಎಲ್1ರೊಳಗೆ ಅದು ನೂರು ಸೈಕಲ್‌ನ ಆಸುಪಾಸಿನ ಕೆಲಸ, ಮುಖ್ಯ ಮೆಮೊರಿಗೆ ಒಮ್ಮೆ ಹೋಗಿಬರುವುದಕ್ಕಿಂತ ಅಗ್ಗ. ಬಿ-ಟ್ರೀ ಈ ಎರಡು ಸಂಗತಿಗಳನ್ನೂ ಬಳಸಿಕೊಳ್ಳುತ್ತದೆ. ನೋಡ್‌ನೊಳಗೆ ಅದು ಪುಟ್ಟ ಅರೇ, ಸರಿಸುವುದು ಹತ್ತಿಪ್ಪತ್ತು ಸಂಖ್ಯೆಗಳನ್ನಷ್ಟೇ. ನೋಡ್ ತುಂಬಿದರೆ ಎರಡಾಗಿ ಒಡೆಯುತ್ತದೆ, ಉಳಿದ ಮರ ಕದಲುವುದಿಲ್ಲ. ರಸ್ಟ್ ಭಾಷೆ ತನ್ನ ಗ್ರಂಥಾಲಯದ ಕ್ರಮಬದ್ಧ ನಕ್ಷೆಗೆ ಬೈನರಿ ಮರವನ್ನು ಬಿಟ್ಟು `BTreeMap` ಆರಿಸಿಕೊಂಡದ್ದು ಈ ಕಾರಣಕ್ಕೆ. ಅದರ ಒಂದು ನೋಡ್‌ನಲ್ಲಿ 11 ಕೀಗಳವರೆಗೆ ಹಿಡಿಸುತ್ತವೆ.

ಬೈನರಿ ಮರವನ್ನೇ ಉಳಿಸಿಕೊಳ್ಳಬೇಕಾದ ಸಂದರ್ಭಗಳೂ ಇವೆ. ಸಿ++ನ `std::map`ನಲ್ಲಿ ಒಮ್ಮೆ ಸೇರಿದ ವಸ್ತು ಅಳಿಸುವ ತನಕ ಅದೇ ವಿಳಾಸದಲ್ಲಿರುತ್ತದೆ, ಬೇರೆ ಕಡೆಯಿಂದ ಅದಕ್ಕೆ ಪಾಯಿಂಟರ್ ಹಿಡಿದವರಿಗೆ ತೊಂದರೆಯಿಲ್ಲ. ಅರೇ ಮತ್ತು ಬಿ-ಟ್ರೀಗಳು ವಸ್ತುಗಳನ್ನು ಸರಿಸುವುದರಿಂದ ಈ ಭರವಸೆ ಕೊಡಲಾರವು. ಆಗಲೂ ಮಾಡಬಹುದಾದ ಒಂದು ಸರಳ ಸುಧಾರಣೆ ಇದೆ. ನೋಡ್‌ಗಳನ್ನು ಒಂದೊಂದಾಗಿ `malloc` ಮಾಡದೆ, ಮೊದಲೇ ತೆಗೆದಿಟ್ಟ ಒಂದು ದೊಡ್ಡ ಅರೇಯಿಂದ ಕೊಟ್ಟು, ಪಾಯಿಂಟರ್ ಬದಲು 4 ಬೈಟ್‌ನ ಕ್ರಮಸಂಖ್ಯೆ ಬಳಸುವುದು. ನೋಡ್ 32ರಿಂದ 12 ಬೈಟ್‌ಗೆ, ಮರ 32ರಿಂದ 12 ಎಂಬಿಗೆ ಇಳಿಯುತ್ತದೆ. ಪ್ರತಿ ಮೆಟ್ಟಿಲಿಗೂ ಹೊಸ ಲೈನ್ ಬೇಕಾಗುವುದು ತಪ್ಪದಿದ್ದರೂ, ಎಲ್3 ಕ್ಯಾಶ್‌ನಲ್ಲಿ ಮರದ ಕಾಲುಭಾಗದ ಬದಲು ಮೂರನೇ ಎರಡು ಭಾಗ ಹಿಡಿಸುತ್ತದೆ. ಮುಖ್ಯ ಮೆಮೊರಿಗೆ ಹೋಗುವ ಮೂರು ಮೆಟ್ಟಿಲುಗಳಲ್ಲಿ ಹಲವು ಸಲ ಒಂದೆರಡು ಉಳಿಯುತ್ತವೆ.

ಅಳೆಯುವಾಗಿನ ಎಚ್ಚರ

ಮೇಲಿನ ಅಂಕಿಗಳು ಒಂದು ಕಲ್ಪಿತ ಯಂತ್ರದ್ದು. ನಿಮ್ಮ ಯಂತ್ರದಲ್ಲಿ ಏನಾಗುತ್ತಿದೆ ಎಂದು ಲಿನಕ್ಸ್‌ನಲ್ಲಿ ನೇರವಾಗಿ ಕೇಳಬಹುದು:

```
perf stat -e cycles,instructions,cache-misses,dTLB-load-misses ./search
```

ಮೊದಲು ನೋಡಬೇಕಾದದ್ದು ಆದೇಶಗಳನ್ನು ಸೈಕಲ್‌ಗಳಿಂದ ಭಾಗಿಸಿದ ಸಂಖ್ಯೆ. ಮರದ ಒಂದು ಹುಡುಕಾಟದಲ್ಲಿ ನೂರರ ಆಸುಪಾಸಿನಷ್ಟು ಆದೇಶಗಳಿರುತ್ತವೆ. ಅವಕ್ಕೆ ಸಾವಿರ ಸೈಕಲ್ ಹಿಡಿದರೆ ಭಾಗಲಬ್ಧ 0.1. ಸೈಕಲ್‌ಗೆ ಹಲವು ಆದೇಶ ನಡೆಸಬಲ್ಲ ಪ್ರೊಸೆಸರ್ ಹತ್ತು ಸೈಕಲ್‌ಗೆ ಒಂದನ್ನು ನಡೆಸುತ್ತಿದೆ ಎಂದಾದರೆ ಅದು ಲೆಕ್ಕ ಮಾಡುತ್ತಿಲ್ಲ, ಕಾಯುತ್ತಿದೆ.

ಪರೀಕ್ಷೆಯೇ ತಪ್ಪು ಉತ್ತರ ಕೊಡುವ ದಾರಿಗಳು ಎರಡು. ಕೆಲವೇ ಸಂಖ್ಯೆಗಳನ್ನು ಮತ್ತೆ ಮತ್ತೆ ಹುಡುಕಿದರೆ ಆ ದಾರಿಯ ಲೈನ್‌ಗಳೆಲ್ಲ ಎಲ್1ರಲ್ಲಿ ಉಳಿದು, ಮರ ಅರೇಯಷ್ಟೇ ವೇಗವಾಗಿ ಕಾಣುತ್ತದೆ. ಆದ್ದರಿಂದ ಪ್ರಶ್ನೆಗಳು ಇಡೀ ಸಂಗ್ರಹದ ಮೇಲೆ ಹರಡಿರಬೇಕು. ಎರಡನೆಯದು ಇನ್ನೂ ಸೂಕ್ಷ್ಮ. ಪರೀಕ್ಷೆಗೆಂದು 1ರಿಂದ ಆರಂಭಿಸಿ ಏರಿಕೆ ಕ್ರಮದಲ್ಲೇ ಸಮತೋಲನದ ಮರ ಕಟ್ಟಿದರೆ, `malloc` ನೋಡ್‌ಗಳನ್ನೂ ಅದೇ ಕ್ರಮದಲ್ಲಿ ಸಾಲಾಗಿ ಇಡುತ್ತದೆ. ಎಡದಿಂದ ಬಲಕ್ಕೆ ಇಡೀ ಮರವನ್ನು ಓದಿದಾಗ ಅದು ಅರೇಯ ಹಾಗೆಯೇ ವರ್ತಿಸುತ್ತದೆ. ತಿಂಗಳುಗಟ್ಟಲೆ ಓಡುವ ಸರ್ವರ್‌ನಲ್ಲಿ ನೋಡ್‌ಗಳು ಅಳಿದು, ಖಾಲಿಯಾದ ಜಾಗಕ್ಕೆ ಬೇರೆಯವು ಬಂದು ಕೂತಿರುತ್ತವೆ. ಹೊಸದಾಗಿ ಕಟ್ಟಿದ ಮರದ ವೇಗವನ್ನು ಆ ಹಳೆಯ ಮರದಿಂದ ನಿರೀಕ್ಷಿಸುವಂತಿಲ್ಲ. ಕೀಗಳನ್ನು ಕಲೆಸಿ ಸೇರಿಸಿ, ಕೆಲವನ್ನು ಅಳಿಸಿ, ಮತ್ತೆ ಸೇರಿಸಿ ಆಮೇಲೆ ಅಳೆದರೆ ಸತ್ಯಕ್ಕೆ ಹತ್ತಿರವಾಗುತ್ತೇವೆ.

ಸಂಗ್ರಹದ ಅಳತೆಯನ್ನು ಸಾವಿರದಿಂದ ಕೋಟಿಯವರೆಗೆ ದುಪ್ಪಟ್ಟು ಮಾಡುತ್ತ ಹೋಗಿ ಒಂದು ಹುಡುಕಾಟದ ಸಮಯವನ್ನು ಗುರುತಿಸಿದರೆ ಎಲ್ಲವೂ ಒಂದೇ ರೇಖೆಯಲ್ಲಿ ಕಾಣುತ್ತದೆ. ಹೋಲಿಕೆಗಳ ಲೆಕ್ಕವೇ ನಿಜವಾಗಿದ್ದರೆ ಪ್ರತಿ ದುಪ್ಪಟ್ಟಿಗೂ ಸಮಯ ಒಂದೇ ಪ್ರಮಾಣದಲ್ಲಿ ಏರಬೇಕಿತ್ತು. ಹಾಗಾಗುವುದಿಲ್ಲ. ಎಲ್1, ಎಲ್2, ಎಲ್3 ತುಂಬುವ ಅಳತೆಗಳಲ್ಲಿ ರೇಖೆ ಕಡಿದಾಗುತ್ತದೆ. ಮರದ ರೇಖೆಯಲ್ಲಿ ಆ ತಿರುವುಗಳು ಅರೇಗಿಂತ ಎಷ್ಟು ಮೊದಲು ಬರುತ್ತವೆ ಎಂಬುದು ಅದರ ನೋಡ್‌ಗಳು ಎಷ್ಟು ದಪ್ಪ, ಎಷ್ಟು ಚದುರಿವೆ ಎಂಬುದರ ಅಳತೆ. ನಿಮ್ಮ ಸಂಗ್ರಹ ಮೊದಲ ತಿರುವಿನ ಎಡಕ್ಕಿದ್ದರೆ ಯಾವ ರಚನೆಯನ್ನು ಆರಿಸಿದರೂ ವ್ಯತ್ಯಾಸ ಅಲ್ಪ, ಬರೆಯಲು ಸುಲಭವಾದದ್ದನ್ನೇ ಆರಿಸಿಕೊಳ್ಳಬಹುದು. ಕೊನೆಯ ತಿರುವಿನ ಬಲಕ್ಕಿದ್ದರೆ, ಒಂದು ಉತ್ತರಕ್ಕೆ ಎಷ್ಟು ಲೈನ್ ಮುಟ್ಟುತ್ತೀರಿ, ಮುಂದಿನ ಲೈನ್‌ನ ವಿಳಾಸ ಎಷ್ಟು ಮೊದಲೇ ತಿಳಿಯುತ್ತದೆ ಎಂಬ ಎರಡು ಪ್ರಶ್ನೆಗಳಿಂದಲೇ ವಿನ್ಯಾಸ ಆರಂಭವಾಗಬೇಕು.